ಡೆಡ್‌ಲಾಕ್ ಆದಾಗ ಯಾರು ಬಲಿ? ಡೇಟಾಬೇಸ್‌ಗಳ ನಾಲ್ಕು ಪದ್ಧತಿಗಳ ಹೋಲಿಕೆ

ರಾತ್ರಿಯ ಬ್ಯಾಚ್ ಕೆಲಸ ಮತ್ತು ಗ್ರಾಹಕರ ವಹಿವಾಟು ಒಂದೇ ಟೇಬಲ್ಲಿನ ಮೇಲೆ ನಡೆಯುವ ತಂಡಗಳು ಡೇಟಾಬೇಸ್ ಆಯ್ಕೆ ಮಾಡುವಾಗ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಡೆಡ್‌ಲಾಕ್ ಆದರೆ ಯಾವ ಡೇಟಾಬೇಸ್ ಅದನ್ನು ಬೇಗ ಬಿಡಿಸುತ್ತದೆ? ಈ ಪ್ರಶ್ನೆ ತಪ್ಪಲ್ಲ, ಆದರೆ ಅರ್ಧ ಮಾತ್ರ. ಬಿಡಿಸುವುದೆಂದರೆ ಸಿಕ್ಕಿಕೊಂಡವರಲ್ಲಿ ಒಬ್ಬರನ್ನು ಬಲಿ ಕೊಡುವುದು. ಆ ಬಲಿ ಯಾರಾಗಬೇಕೆಂಬ ನಿಯಮ ಒಂದೊಂದು ಡೇಟಾಬೇಸ್‌ನಲ್ಲಿ ಒಂದೊಂದು ಬಗೆಯಾಗಿರುವುದರಿಂದ, ಒಂದೇ ಪ್ರೋಗ್ರಾಮು ಒಂದು ಕಡೆ ಯಾರಿಗೂ ಗೊತ್ತಾಗದಂತೆ ಸುಧಾರಿಸಿಕೊಂಡು, ಇನ್ನೊಂದು ಕಡೆ ರಾತ್ರಿಯಿಡೀ ಮಾಡಿದ ಕೆಲಸವನ್ನು ಕಳೆದುಕೊಳ್ಳಬಹುದು.

ಪದ್ಧತಿಗಳನ್ನು ತೂಗಲು ಬೇಕಾದ ಅಳತೆಗೋಲುಗಳನ್ನು ಮೊದಲು ಹೇಳುತ್ತೇನೆ. ಡೆಡ್‌ಲಾಕ್ ಆದ ಮೇಲೆ ಅದು ಪತ್ತೆಯಾಗಲು ಎಷ್ಟು ಹೊತ್ತು ಬೇಕು, ಮತ್ತು ಡೆಡ್‌ಲಾಕ್ ಇಲ್ಲದ ಹೊತ್ತಿನಲ್ಲೂ ಆ ಹುಡುಕಾಟಕ್ಕೆ ಎಷ್ಟು ಶ್ರಮ ಖರ್ಚಾಗುತ್ತದೆ ಎಂಬುದು ಮೊದಲನೆಯದು. ಬಲಿಯಾದ ಟ್ರಾನ್ಸಾಕ್ಷನ್ ಎಷ್ಟು ಕೆಲಸ ಕಳೆದುಕೊಳ್ಳುತ್ತದೆ, ಅದನ್ನು ಹಿಂದಕ್ಕೆ ತೆಗೆಯಲು ಎಷ್ಟು ಸಮಯ ಹಿಡಿಯುತ್ತದೆ ಎಂಬುದು ಎರಡನೆಯದು. ಮರುಪ್ರಯತ್ನ ಮಾಡಿದಾಗಲೂ ಅದೇ ಟ್ರಾನ್ಸಾಕ್ಷನ್ ಮತ್ತೆ ಮತ್ತೆ ಬಲಿಯಾಗುವ ಸಾಧ್ಯತೆ ಇದೆಯೇ ಎಂಬುದು ಮೂರನೆಯದು. ಬಲಿಯ ಆಯ್ಕೆಯಲ್ಲಿ ನಮ್ಮ ಮಾತು ಎಷ್ಟು ನಡೆಯುತ್ತದೆ ಎಂಬುದು ಕೊನೆಯದು. ನನ್ನ ದೃಷ್ಟಿಯಲ್ಲಿ ಎರಡನೆಯದೂ ಮೂರನೆಯದೂ ಮುಖ್ಯ. ಹೆಚ್ಚಿನ ಚರ್ಚೆಗಳು ಮಾತ್ರ ಮೊದಲನೆಯದರಲ್ಲೇ ಮುಗಿದುಹೋಗುತ್ತವೆ.

ತೂಗಿ ನೋಡಲು ಒಂದು ಪ್ರಸಂಗ

ಖಾತೆಗಳ ಒಂದು ಟೇಬಲ್ ಇದೆಯೆಂದುಕೊಳ್ಳಿ. ಬಡ್ಡಿ ಹಾಕುವ ಬ್ಯಾಚ್ ಕೆಲಸ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ, ಖಾತೆ ಸಂಖ್ಯೆಯ ಕ್ರಮದಲ್ಲಿ, ಖಾತೆಗೊಂದರಂತೆ `UPDATE` ಮಾಡುತ್ತಾ ಹೋಗುತ್ತದೆ. ಅದು 1ರಿಂದ 8000ದವರೆಗಿನ ಸಾಲುಗಳನ್ನು ಬದಲಿಸಿದೆ. ಆ ಎಲ್ಲ ಸಾಲುಗಳ ಲಾಕ್ ಅದರ ಕೈಯಲ್ಲಿದೆ. ಈ ನಡುವೆ ಎರಡು ಹಣ ವರ್ಗಾವಣೆಗಳು ಶುರುವಾಗಿವೆ. ವರ್ಗಾವಣೆ ‘ಕ’ 8001ನೇ ಖಾತೆಯಿಂದ ಹಣ ತೆಗೆದು 9500ಕ್ಕೆ ಹಾಕಬೇಕು. ತೆಗೆಯುವ ಕೆಲಸ ಮುಗಿದಿದೆ, ಆದ್ದರಿಂದ 8001 ಅದರ ಹಿಡಿತದಲ್ಲಿದೆ. ವರ್ಗಾವಣೆ ‘ಖ’ 9500ರಿಂದ ಹಣ ತೆಗೆದು 120ಕ್ಕೆ ಹಾಕಬೇಕು. 9500 ಅದರ ಹಿಡಿತದಲ್ಲಿದೆ.

ಗಡಿಯಾರ ಸೊನ್ನೆಯಲ್ಲಿದ್ದಾಗ ಬಡ್ಡಿ ಕೆಲಸ 8001ನ್ನು ಕೇಳಿ ಕಾಯತೊಡಗುತ್ತದೆ. 0.3 ಸೆಕೆಂಡಿಗೆ ‘ಖ’ 120ನ್ನು ಕೇಳಿ ಕಾಯುತ್ತದೆ. 0.6 ಸೆಕೆಂಡಿಗೆ ‘ಕ’ 9500ನ್ನು ಕೇಳುತ್ತದೆ. ಈಗ ಯಾರು ಯಾರಿಗಾಗಿ ಕಾಯುತ್ತಿದ್ದಾರೆಂದು ಬಾಣ ಹಾಕಿದರೆ ಸಿಗುವುದೇ ವೇಟ್-ಫಾರ್ ಗ್ರಾಫ್:

```
ಬಡ್ಡಿ ಕೆಲಸ → ಕ → ಖ → ಬಡ್ಡಿ ಕೆಲಸ
ಗ → ಖ
```

ಇಲ್ಲಿ ‘ಗ’ ಎಂಬುದು ಬಾಕಿ ನೋಡಲು 9500ರ ಲಾಕ್ ಕೇಳಿ ನಿಂತಿರುವ ನಾಲ್ಕನೆಯ ಟ್ರಾನ್ಸಾಕ್ಷನ್. ಅದರಿಂದ ಬಾಣ ಹೊರಡುತ್ತದೆ, ಆದರೆ ಅದರ ಕಡೆಗೆ ಯಾವ ಬಾಣವೂ ಬರುವುದಿಲ್ಲ. ಅದೂ ಸಿಕ್ಕಿಕೊಂಡಿರುವುದು ನಿಜ. ಆದರೂ ಅದನ್ನು ಕೊಂದರೆ ಏನೂ ಬಿಡುಗಡೆಯಾಗುವುದಿಲ್ಲ. ಬಲಿ ಚಕ್ರದ ಒಳಗಿನದೇ ಆಗಬೇಕು. ಕಾಯುತ್ತಿರುವವರ ಪಟ್ಟಿ ನೋಡಿ ಕೈಯಾರೆ ಸೆಷನ್ ಕೊಲ್ಲುವ ನಿರ್ವಾಹಕರು ಎಡವುವುದು ಇಲ್ಲೇ: ಬಹಳ ಹೊತ್ತಿನಿಂದ ಕಾಯುತ್ತಿರುವುದು ಎಂಬ ಒಂದೇ ಕಾರಣಕ್ಕೆ ‘ಗ’ದಂಥವನ್ನು ಕೊಂದು, ಚಕ್ರ ಹಾಗೆಯೇ ಉಳಿದಿದ್ದನ್ನು ಕಂಡು ಬೆರಗಾಗುತ್ತಾರೆ.

ಒಂದನೆಯ ಪದ್ಧತಿ: ತಕ್ಷಣ ಹುಡುಕಿ, ಹಗುರವಾದದ್ದನ್ನು ಕೊಲ್ಲುವುದು

ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಎಂಜಿನ್ನಿನದು ಈ ದಾರಿ. ಯಾರಾದರೂ ಲಾಕ್‌ಗಾಗಿ ಕಾಯತೊಡಗಿದೊಡನೆ ಚಕ್ರ ಉಂಟಾಯಿತೇ ಎಂದು ನೋಡಲಾಗುತ್ತದೆ, 8.0.18ರ ಆವೃತ್ತಿಯಿಂದ ಈ ಕೆಲಸವನ್ನು ಹಿನ್ನೆಲೆಯ ಪ್ರತ್ಯೇಕ ಥ್ರೆಡ್ ಮಾಡುತ್ತದೆ. ನಮ್ಮ ಪ್ರಸಂಗದಲ್ಲಿ 0.6 ಸೆಕೆಂಡಿಗೆ ಚಕ್ರ ಕೂಡಿಕೊಂಡ ಕೂಡಲೇ ಅದು ಸಿಕ್ಕಿಬೀಳುತ್ತದೆ. ಆಮೇಲೆ ತೂಕದ ಲೆಕ್ಕ. ಬದಲಾದ ಸಾಲುಗಳು ಮತ್ತು ಲಾಕ್ ಆದ ಸಾಲುಗಳಿಂದ ಪ್ರತಿ ಟ್ರಾನ್ಸಾಕ್ಷನ್ನಿಗೂ ಒಂದು ತೂಕ ಬರುತ್ತದೆ. `INFORMATION_SCHEMA.INNODB_TRX`ನ `trx_weight` ಕಾಲಂನಲ್ಲಿ ಅದನ್ನು ನೋಡಬಹುದು. ಬಡ್ಡಿ ಕೆಲಸದ ತೂಕ ಸಾವಿರಗಳಲ್ಲಿದೆ, ‘ಕ’ ಮತ್ತು ‘ಖ’ಗಳದು ಒಂದಂಕಿಯಲ್ಲಿ. ಎರಡು ವರ್ಗಾವಣೆಗಳಲ್ಲಿ ಒಂದು 1213 ಎಂಬ ದೋಷಸಂಖ್ಯೆಯೊಂದಿಗೆ ಪೂರ್ತಿ ರೋಲ್‌ಬ್ಯಾಕ್ ಆಗುತ್ತದೆ. ಒಂದು ಸಾಲಿನ ಕೆಲಸ ಹೋಯಿತು, ಗ್ರಾಹಕನ ಆ್ಯಪ್ ಮತ್ತೊಮ್ಮೆ ಪ್ರಯತ್ನಿಸಿದರೆ ಮುಗಿಯಿತು.

ಈ ನಿಯಮಕ್ಕೆ ಗಟ್ಟಿಯಾದ ಕಾರಣವಿದೆ. ಇನ್ನೋಡಿಬಿಯಲ್ಲಿ ರೋಲ್‌ಬ್ಯಾಕ್ ಎಂದರೆ ಬದಲಾದ ಒಂದೊಂದು ಸಾಲನ್ನೂ ಅನ್‌ಡೂ ದಾಖಲೆಯಿಂದ ಹಳೆಯ ಸ್ಥಿತಿಗೆ ತರುವುದು, ಮತ್ತು ಅದು ಮುಗಿಯುವವರೆಗೂ ಲಾಕ್‌ಗಳು ಬಿಡುಗಡೆಯಾಗುವುದಿಲ್ಲ. ಭಾರವಾದದ್ದನ್ನು ಕೊಂದರೆ ಚಕ್ರ ಕಡಿಯುವುದೇ ತಡವಾಗುತ್ತದೆ.

ಆದರೆ ತೂಕಕ್ಕೆ ಕಾಣದ ಸಂಗತಿಗಳಿವೆ. ಇಪ್ಪತ್ತು ನಿಮಿಷ ಲೆಕ್ಕ ಹಾಕಿ ಕೊನೆಯಲ್ಲಿ ಒಂದೇ ಸಾಲು ಬರೆಯುವ ಟ್ರಾನ್ಸಾಕ್ಷನ್ ಈ ತಕ್ಕಡಿಯಲ್ಲಿ ಹಗುರ. ಅದರ ಇಪ್ಪತ್ತು ನಿಮಿಷಕ್ಕೆ ಇಲ್ಲಿ ಬೆಲೆಯಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಮೂರನೆಯ ಅಳತೆಗೋಲಿನದು. ಬಲಿಯಾದದ್ದು ಮತ್ತೆ ಶುರುವಾದಾಗ ಡೇಟಾಬೇಸ್ ಅದನ್ನು ಹೊಸ ಟ್ರಾನ್ಸಾಕ್ಷನ್ ಎಂದೇ ಎಣಿಸುತ್ತದೆ. ಹಿಂದೆ ಎಷ್ಟು ಸಲ ಬಲಿಯಾಗಿತ್ತು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ದೊಡ್ಡ ಬ್ಯಾಚ್‌ಗಳ ನಡುವೆ ಸಿಕ್ಕ ಚಿಕ್ಕ ಟ್ರಾನ್ಸಾಕ್ಷನ್ ಪ್ರತಿ ಸಲವೂ ತೂಕದಲ್ಲಿ ಸೋಲುತ್ತದೆ. ಪಠ್ಯಪುಸ್ತಕಗಳು ಇದಕ್ಕೆ ಹೇಳುವ ಮದ್ದು, ರೋಲ್‌ಬ್ಯಾಕ್ ಆದ ಸಲಗಳ ಸಂಖ್ಯೆಯನ್ನೂ ಬೆಲೆಯ ಲೆಕ್ಕಕ್ಕೆ ಸೇರಿಸುವುದು. ಇಲ್ಲಿ ಆ ಕೆಲಸ ನಿಮ್ಮ ಪ್ರೋಗ್ರಾಮಿನ ಹೊಣೆ: ಮರುಪ್ರಯತ್ನಗಳ ನಡುವೆ ಬಿಡುವನ್ನು ಹೆಚ್ಚಿಸುತ್ತಾ, ಬ್ಯಾಚ್ ಮುಂದೆ ಸಾಗಲು ಅವಕಾಶ ಕೊಡಬೇಕು.

ಹುಡುಕಾಟದ ಖರ್ಚಿಗೂ ಒಂದು ಮಿತಿಯಿದೆ. ಕಾಯುವವರ ಸರಪಳಿ 200 ಟ್ರಾನ್ಸಾಕ್ಷನ್‌ಗಳನ್ನು ತಲುಪಿದರೆ ಅಥವಾ ಹತ್ತು ಲಕ್ಷಕ್ಕಿಂತ ಹೆಚ್ಚು ಲಾಕ್‌ಗಳನ್ನು ನೋಡಬೇಕಾಗಿ ಬಂದರೆ ಅದನ್ನು ಡೆಡ್‌ಲಾಕ್ ಎಂದೇ ಭಾವಿಸಿ, ಹುಡುಕಲು ಹೊರಟ ಟ್ರಾನ್ಸಾಕ್ಷನ್ನನ್ನೇ ರೋಲ್‌ಬ್ಯಾಕ್ ಮಾಡಲಾಗುತ್ತದೆ ಎಂದು ಮೈಎಸ್‌ಕ್ಯೂಎಲ್ ಕೈಪಿಡಿ ಹೇಳುತ್ತದೆ. ನೂರಾರು ಸಂಪರ್ಕಗಳು ಒಂದೇ ಸಾಲಿಗೆ ಮುಗಿಬೀಳುವ ಕಡೆ ಇದು ಕಣ್ಣಿಗೆ ಬೀಳುತ್ತದೆ.

ಎರಡನೆಯ ಪದ್ಧತಿ: ಸ್ವಲ್ಪ ಕಾದು, ತನ್ನನ್ನು ತಾನೇ ಕೊಂದುಕೊಳ್ಳುವುದು

ಪೋಸ್ಟ್‌ಗ್ರೆಸ್ ನಡೆಯುವುದು ಬೇರೆ ನಂಬಿಕೆಯ ಮೇಲೆ: ಹೆಚ್ಚಿನ ಕಾಯುವಿಕೆಗಳು ಡೆಡ್‌ಲಾಕ್ ಅಲ್ಲ, ಕ್ಷಣದಲ್ಲಿ ತಾವಾಗಿಯೇ ಮುಗಿಯುತ್ತವೆ, ಹಾಗಿದ್ದಾಗ ಪ್ರತಿ ಸಲವೂ ಗ್ರಾಫ್ ಏಕೆ ಹುಡುಕಬೇಕು? ಆದ್ದರಿಂದ ಕಾಯತೊಡಗಿದ ಪ್ರೊಸೆಸ್ `deadlock_timeout` ಮುಗಿಯುವವರೆಗೆ ಸುಮ್ಮನಿರುತ್ತದೆ. ಇದರ ಪೂರ್ವನಿಗದಿತ ಬೆಲೆ 1 ಸೆಕೆಂಡು. ಆಮೇಲೂ ಲಾಕ್ ಸಿಗದಿದ್ದರೆ ತಾನೇ ಗ್ರಾಫ್ ಹುಡುಕುತ್ತದೆ. ಸರತಿಯಲ್ಲಿ ಮುಂದಿರುವವರಿಂದ ಮಾತ್ರ ತಡೆ ಉಂಟಾಗಿದ್ದರೆ ಸರತಿಯ ಕ್ರಮ ಬದಲಿಸಿ ಯಾರನ್ನೂ ಕೊಲ್ಲದೆ ಬಿಡಿಸಲು ನೋಡುತ್ತದೆ. ಇದು ಈ ಪದ್ಧತಿಯ ಚೆಲುವು. ಅದು ಆಗದಿದ್ದರೆ, ಚಕ್ರವನ್ನು ಕಂಡ ಪ್ರೊಸೆಸ್ಸೇ ತನ್ನ ಟ್ರಾನ್ಸಾಕ್ಷನ್ನನ್ನು ರದ್ದು ಮಾಡಿಕೊಳ್ಳುತ್ತದೆ. ಇಲ್ಲಿ ತೂಕದ ಲೆಕ್ಕವೇ ಇಲ್ಲ.

ನಮ್ಮ ಪ್ರಸಂಗವನ್ನು ಇದಕ್ಕೆ ಹಚ್ಚಿ ನೋಡಿ. ಬಡ್ಡಿ ಕೆಲಸ ಎಲ್ಲರಿಗಿಂತ ಮೊದಲು ಕಾಯತೊಡಗಿತ್ತು, ಆದ್ದರಿಂದ ಅದರ ಅವಧಿ 1.0 ಸೆಕೆಂಡಿಗೆ, ಎಲ್ಲರಿಗಿಂತ ಮೊದಲು ಮುಗಿಯುತ್ತದೆ. ಚಕ್ರ 0.6ಕ್ಕೇ ಕೂಡಿಕೊಂಡಿದೆ. ಬಡ್ಡಿ ಕೆಲಸ ಅದನ್ನು ಕಂಡು ತಾನೇ ಸಾಯುತ್ತದೆ. 8000 ಸಾಲುಗಳ ಕೆಲಸ ಹೋಯಿತು. ಮೇಲಿನ ಪದ್ಧತಿಯಲ್ಲಿ ಬಂದದ್ದಕ್ಕೆ ನೇರ ವಿರುದ್ಧವಾದ ಫಲ. ಲಾಗ್‌ನಲ್ಲಿ ಹೀಗೆ ಕಾಣುತ್ತದೆ:

```
ERROR:  deadlock detected
DETAIL:  Process 4101 waits for ShareLock on transaction 7752; blocked by process 4102.
Process 4102 waits for ShareLock on transaction 7753; blocked by process 4103.
Process 4103 waits for ShareLock on transaction 7751; blocked by process 4101.
```

ಇದು ವೇಟ್-ಫಾರ್ ಗ್ರಾಫನ್ನೇ ಸಾಲು ಸಾಲಾಗಿ ಬರೆದದ್ದು. ಪ್ರತಿ ಸಾಲೂ ಒಂದು ಬಾಣ. ಕೊನೆಯ ಬಾಣ ಮೊದಲಿನವನ ಬಳಿಗೆ ಮರಳುತ್ತದೆ. ಮೊದಲ ಸಾಲಿನಲ್ಲಿರುವ 4101 ಚಕ್ರವನ್ನು ಪತ್ತೆ ಮಾಡಿದ ಪ್ರೊಸೆಸ್, ಅಂದರೆ ಬಲಿಯೂ ಅದೇ. ‘ಗ’ದ ಹೆಸರು ಇಲ್ಲಿಲ್ಲ ಎಂಬುದನ್ನು ಗಮನಿಸಿ.

ಪೋಸ್ಟ್‌ಗ್ರೆಸ್ ತೂಕ ನೋಡದಿರುವುದಕ್ಕೆ ಒಂದು ಸಮಾಧಾನವಿದೆ. ಇಲ್ಲಿ ಟ್ರಾನ್ಸಾಕ್ಷನ್ ರದ್ದಾದಾಗ ಸಾಲುಗಳನ್ನು ಹಿಂದಕ್ಕೆ ತಿರುಗಿಸುವ ಕೆಲಸವಿಲ್ಲ. ಹಳೆಯ ರೂಪಗಳು ಇದ್ದಲ್ಲೇ ಇರುತ್ತವೆ, ಹೊಸ ರೂಪಗಳು ಸತ್ತ ಸಾಲುಗಳಾಗಿ ಮುಂದಿನ ವ್ಯಾಕ್ಯೂಮ್‌ಗಾಗಿ ಉಳಿಯುತ್ತವೆ. 8000 ಸಾಲುಗಳಿರಲಿ, ಒಂದು ಸಾಲಿರಲಿ, ರದ್ದತಿ ಕೂಡಲೇ ಮುಗಿದು ಲಾಕ್‌ಗಳು ಬಿಡುಗಡೆಯಾಗುತ್ತವೆ. ಹಿಂದಕ್ಕೆ ತೆಗೆಯುವ ಖರ್ಚು ಇಲ್ಲಿ ಅಗ್ಗ, ಮತ್ತೆ ಮಾಡುವ ಖರ್ಚು ಅಗ್ಗವಲ್ಲ.

ಬಲಿಯ ಆಯ್ಕೆಯನ್ನು ಬಾಗಿಸಲು ಅಡ್ಡದಾರಿಯೊಂದಿದೆ. ಬಡ್ಡಿ ಕೆಲಸದ ಸೆಷನ್ನಿನಲ್ಲಿ ಮಾತ್ರ ಅವಧಿಯನ್ನು ಹೆಚ್ಚಿಸುವುದು:

```sql
SET deadlock_timeout = '10s';
```

ಆಗ 1.3 ಸೆಕೆಂಡಿಗೆ ‘ಖ’ದ ಅವಧಿ ಮೊದಲು ಮುಗಿದು ಅದೇ ಬಲಿಯಾಗುತ್ತದೆ. ಇದನ್ನು ಬದಲಿಸಲು ಸೂಪರ್‌ಯೂಸರ್ ಹಕ್ಕು ಅಥವಾ ಇದಕ್ಕೆಂದೇ ಕೊಟ್ಟ ಅನುಮತಿ ಬೇಕು. ಆದರೆ ಇದನ್ನು ಪೂರ್ತಿ ನಂಬಬೇಡಿ. ಪ್ರತಿ ಪ್ರೊಸೆಸ್ಸೂ ಒಂದು ಕಾಯುವಿಕೆಗೆ ಒಂದೇ ಸಲ ಹುಡುಕುತ್ತದೆ. ‘ಕ’ ಮತ್ತು ‘ಖ’ ಎರಡೂ ಕೆಲವು ಸೆಕೆಂಡು ಮೊದಲೇ ಕಾಯತೊಡಗಿ, ತಮ್ಮ ಹುಡುಕಾಟದಲ್ಲಿ ಚಕ್ರ ಕಾಣದೆ ಸುಮ್ಮನಾಗಿದ್ದು, ಕೊನೆಗೆ ಬಡ್ಡಿ ಕೆಲಸ ಬಂದು ಚಕ್ರವನ್ನು ಕೂಡಿಸಿದರೆ, ಅದನ್ನು ಕಾಣಬಲ್ಲದ್ದು ಬಡ್ಡಿ ಕೆಲಸ ಒಂದೇ. ಆಗ ಮೂವರೂ ಹತ್ತು ಸೆಕೆಂಡು ಸಿಕ್ಕಿಕೊಂಡಿದ್ದು, ಕೊನೆಗೆ ಸಾಯುವುದೂ ಬಡ್ಡಿ ಕೆಲಸವೇ. ನೀವು ಕೊಟ್ಟ ರಕ್ಷಣೆ ಬರಿಯ ವಿಳಂಬವಾಗಿ ಉಳಿಯುತ್ತದೆ.

ಮೂರನೆಯ ಪದ್ಧತಿ: ಆಗಾಗ ಸುತ್ತುವ ಕಾವಲು, ಜೊತೆಗೆ ನಾವು ಹೇಳಿದ ಆದ್ಯತೆ

ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ಲಾಕ್ ಮಾನಿಟರ್ ಎಂಬ ಥ್ರೆಡ್ 5 ಸೆಕೆಂಡಿಗೊಮ್ಮೆ ಎದ್ದು ಚಕ್ರಗಳನ್ನು ಹುಡುಕುತ್ತದೆ. ಡೆಡ್‌ಲಾಕ್‌ಗಳು ಕಂಡುಬಂದರೆ ಈ ಅಂತರ 100 ಮಿಲಿಸೆಕೆಂಡಿನವರೆಗೂ ಇಳಿಯುತ್ತದೆ. ಆದ್ದರಿಂದ ಅಪರೂಪಕ್ಕೆ ಆಗುವ ಡೆಡ್‌ಲಾಕ್ ಕೆಲವು ಸೆಕೆಂಡು ನಿಲ್ಲಬಹುದು, ಪದೇ ಪದೇ ಆಗುವುದು ಬೇಗ ಕಡಿಯುತ್ತದೆ. ಬಲಿಯ ಆಯ್ಕೆಯಲ್ಲಿ ಮೊದಲು ನೋಡುವುದು ಸೆಷನ್ನಿನ ಆದ್ಯತೆ, ಅದು ಸಮವಾಗಿದ್ದರೆ ರೋಲ್‌ಬ್ಯಾಕ್ ಖರ್ಚು, ಅದೂ ಸಮವಾಗಿದ್ದರೆ ಚೀಟಿ ಎತ್ತಿದಂತೆ ಯಾರಾದರೊಬ್ಬರು.

```sql
SET DEADLOCK_PRIORITY HIGH;
```

ಆದ್ಯತೆ -10ರಿಂದ 10ರವರೆಗೆ ಇರಬಹುದು; `LOW` ಎಂದರೆ -5, `NORMAL` ಎಂದರೆ 0, `HIGH` ಎಂದರೆ 5. ನಾಲ್ಕನೆಯ ಅಳತೆಗೋಲಿನಲ್ಲಿ ಇದಕ್ಕೆ ಸಾಟಿಯಿಲ್ಲ. ನಮ್ಮ ಪ್ರಸಂಗದಲ್ಲಿ ಏನೂ ಹೇಳದಿದ್ದರೂ ಬಡ್ಡಿ ಕೆಲಸ ಖರ್ಚಿನ ಲೆಕ್ಕದಲ್ಲೇ ಉಳಿಯುತ್ತದೆ. ಆದರೆ ಇಪ್ಪತ್ತು ನಿಮಿಷದ ಲೆಕ್ಕಾಚಾರದ ಟ್ರಾನ್ಸಾಕ್ಷನ್ನನ್ನು ಉಳಿಸಲು ಇನ್ನೋಡಿಬಿಯಲ್ಲಿ ಇಲ್ಲದ ದಾರಿ ಇಲ್ಲಿದೆ.

ಆದ್ಯತೆ ಖರ್ಚಿಗಿಂತ ಮೇಲು ಎಂಬುದೇ ಇಲ್ಲಿನ ಅಪಾಯ ಕೂಡ. ‘ಗ್ರಾಹಕರಿಗೆ ತೊಂದರೆಯಾಗದಿರಲಿ’ ಎಂದು ಬಡ್ಡಿ ಕೆಲಸಕ್ಕೆ `LOW` ಕೊಡುವುದು ಒಳ್ಳೆಯ ಮನಸ್ಸಿನ ಆಯ್ಕೆ. ಆದರೆ ಅದು ಬಲಿಯಾದಾಗ 8000 ಬದಲಾವಣೆಗಳನ್ನು ಹಿಂದಕ್ಕೆ ತೆಗೆಯಬೇಕು, ಅಷ್ಟು ಹೊತ್ತೂ ಅದರ ಲಾಕ್‌ಗಳು ನಿಂತೇ ಇರುತ್ತವೆ. ‘ಖ’ 120ಕ್ಕಾಗಿ ಕಾಯುವುದು ತಪ್ಪುವುದಿಲ್ಲ. `LOW` ಒಪ್ಪುವುದು ಹೆಚ್ಚು ಬರೆಯದ ವರದಿಗಳಿಗೆ. ಒಂದು ಎಚ್ಚರಿಕೆ: ಇಲ್ಲಿ ಡೆಡ್‌ಲಾಕ್ ಬಲಿಗೆ ಬರುವ ದೋಷಸಂಖ್ಯೆ 1205, ಮೈಎಸ್‌ಕ್ಯೂಎಲ್‌ನಲ್ಲಿ ಅದೇ 1205 ಎಂದರೆ ಲಾಕ್ ಕಾಯುವ ಅವಧಿ ಮುಗಿಯಿತು ಎಂದು. ಒಂದರಿಂದ ಇನ್ನೊಂದಕ್ಕೆ ಪ್ರೋಗ್ರಾಮು ಸಾಗಿಸುವವರು ಮರುಪ್ರಯತ್ನದ ಭಾಗವನ್ನು ಕಣ್ಣಿಟ್ಟು ನೋಡಬೇಕು.

ನಾಲ್ಕನೆಯ ಪದ್ಧತಿ: ಗ್ರಾಫ್ ಬೇಡವೆನ್ನುವುದು

ಇದರಲ್ಲಿ ಎರಡು ಬಗೆ. ಬರಿಯ ಅವಧಿಯನ್ನು ನಂಬುವುದು ಒಂದು. ಮೈಎಸ್‌ಕ್ಯೂಎಲ್‌ನಲ್ಲಿ `innodb_deadlock_detect` ಅನ್ನು ಆಫ್ ಮಾಡಿ `innodb_lock_wait_timeout` ಮೇಲೆ ಭಾರ ಹಾಕಬಹುದು. ಒಂದೇ ಸಾಲಿಗೆ ನೂರಾರು ಥ್ರೆಡ್‌ಗಳು ಕಾಯುವ ಕಡೆ ಇದು ಲಾಭ ಎಂದು ಕೈಪಿಡಿಯೇ ಹೇಳುತ್ತದೆ. ಆದರೆ ಪೂರ್ವನಿಗದಿತ ಅವಧಿ 50 ಸೆಕೆಂಡು. ಅದನ್ನು ಇಳಿಸದೆ ಪತ್ತೆಯನ್ನು ಆಫ್ ಮಾಡಿದರೆ ಪ್ರತಿ ಚಕ್ರವೂ ಅಷ್ಟು ಹೊತ್ತು ನಿಲ್ಲುತ್ತದೆ. ಇಳಿಸಿದರೆ ಚಕ್ರವೇ ಇಲ್ಲದೆ ಸುಮ್ಮನೆ ಸರತಿಯಲ್ಲಿದ್ದ ‘ಗ’ದಂಥವೂ ಸಾಯುತ್ತವೆ.

ಇನ್ನೂ ಒಂದು ಹಳ್ಳವಿದೆ. ಅವಧಿ ಮುಗಿದಾಗ ಇನ್ನೋಡಿಬಿ ರೋಲ್‌ಬ್ಯಾಕ್ ಮಾಡುವುದು ಆ ಒಂದು ಆಜ್ಞೆಯನ್ನು ಮಾತ್ರ, ಇಡೀ ಟ್ರಾನ್ಸಾಕ್ಷನ್ನನ್ನಲ್ಲ. `innodb_rollback_on_timeout` ಆನ್ ಮಾಡಿದರೆ ಮಾತ್ರ ಪೂರ್ತಿ. ಅಂದರೆ ಎಲ್ಲರಿಗಿಂತ ಮೊದಲು ಕಾಯತೊಡಗಿದ ಬಡ್ಡಿ ಕೆಲಸ ದೋಷ ಪಡೆದ ಮೇಲೂ 120 ಅದರ ಕೈಯಲ್ಲೇ ಇರುತ್ತದೆ, ‘ಖ’ ಅದಕ್ಕಾಗಿ ಕಾಯುತ್ತಲೇ ಇರುತ್ತದೆ. ಒರಾಕಲ್‌ನಲ್ಲಿ ಗ್ರಾಫ್ ಹುಡುಕಾಟ ಇದ್ದರೂ ಇದೇ ಕಥೆ: ORA-00060 ಬಂದಾಗ ಸಿಕ್ಕಿಬಿದ್ದ ಆಜ್ಞೆ ಮಾತ್ರ ಹಿಂದಕ್ಕೆ ಹೋಗುತ್ತದೆ, ಟ್ರಾನ್ಸಾಕ್ಷನ್ನನ್ನು ರೋಲ್‌ಬ್ಯಾಕ್ ಮಾಡುವುದು ಪ್ರೋಗ್ರಾಮಿನ ಹೊಣೆ. ದೋಷವನ್ನು ನುಂಗಿಕೊಂಡು ಅದೇ ಆಜ್ಞೆಯನ್ನು ಮತ್ತೆ ಕಳಿಸುವ ಪ್ರೋಗ್ರಾಮು ಅದೇ ಚಕ್ರವನ್ನು ತಾನೇ ಮತ್ತೆ ಕಟ್ಟುತ್ತದೆ. ಲಾಗ್‌ನಲ್ಲಿ ಅದೇ ಸೆಷನ್‌ಗಳ ಹೆಸರು ಒಂದರ ಹಿಂದೊಂದು ಬರುತ್ತಿದ್ದರೆ ಮೊದಲು ಇದನ್ನು ಶಂಕಿಸಿ.

ಎರಡನೆಯ ಬಗೆ ವಯಸ್ಸಿನದು. 1978ರಲ್ಲಿ ರೋಸೆನ್‌ಕ್ರಾಂಟ್ಸ್, ಸ್ಟರ್ನ್ಸ್ ಮತ್ತು ಲೂಯಿಸ್ ವಿವರಿಸಿದ ವೂಂಡ್-ವೇಟ್ ನಿಯಮದಲ್ಲಿ, ಹಿರಿಯ ಟ್ರಾನ್ಸಾಕ್ಷನ್ ಕೇಳಿದ ಲಾಕ್ ಕಿರಿಯದರ ಬಳಿ ಇದ್ದರೆ ಕಿರಿಯದನ್ನು ಕೆಡವಲಾಗುತ್ತದೆ. ಕಿರಿಯದು ಕೇಳಿದರೆ ಅದು ಕಾಯುತ್ತದೆ. ಬಾಣಗಳೆಲ್ಲ ಕಿರಿಯರಿಂದ ಹಿರಿಯರ ಕಡೆಗೇ ಹೋಗುವುದರಿಂದ ಚಕ್ರವೇ ಆಗಲಾರದು. ನಮ್ಮ ಪ್ರಸಂಗದಲ್ಲಿ ಸೊನ್ನೆಯ ಗಳಿಗೆಯಲ್ಲೇ, ಚಕ್ರ ಕೂಡುವ ಮೊದಲೇ, ಹಿರಿಯದಾದ ಬಡ್ಡಿ ಕೆಲಸ ‘ಕ’ವನ್ನು ಕೆಡವುತ್ತದೆ. ‘ಖ’ ಬಾರದೇ ಇದ್ದಿದ್ದರೂ ‘ಕ’ ಸಾಯುತ್ತಿತ್ತು. ಆಗ ಅದು ವ್ಯರ್ಥ ಬಲಿ. ಆ ನಷ್ಟಕ್ಕೆ ಬದಲಾಗಿ ಸಿಗುವುದು ದೊಡ್ಡದು: ಮರುಪ್ರಯತ್ನದಲ್ಲೂ ಮೊದಲಿನ ವಯಸ್ಸನ್ನೇ ಉಳಿಸಿಕೊಂಡರೆ ಪ್ರತಿಯೊಂದೂ ಒಂದಲ್ಲ ಒಂದು ದಿನ ಎಲ್ಲಕ್ಕಿಂತ ಹಿರಿಯದಾಗಿ ಮುಗಿದೇ ಮುಗಿಯುತ್ತದೆ. ಮೂರನೆಯ ಅಳತೆಗೋಲಿಗೆ ಪೂರ್ಣ ಉತ್ತರ ಕೊಡುವ ಪದ್ಧತಿ ಇಲ್ಲಿ ಇದೊಂದೇ. ಗೂಗಲ್‌ನ ಸ್ಪ್ಯಾನರ್ ಇದನ್ನೇ ಬಳಸುತ್ತದೆ, ಅದಕ್ಕೆ ಕಾರಣವೂ ಊಹಿಸಬಹುದಾದದ್ದು: ಲಾಕ್‌ಗಳು ಹಲವು ಯಂತ್ರಗಳಲ್ಲಿ ಹಂಚಿಹೋದಾಗ ಬಾಣಗಳನ್ನು ಒಂದೆಡೆ ಕೂಡಿಹಾಕುವುದೇ ಕಷ್ಟ, ಬೇರೆ ಬೇರೆ ಗಳಿಗೆಯಲ್ಲಿ ಬಂದ ಸುದ್ದಿಗಳನ್ನು ಜೋಡಿಸಿದರೆ ಇಲ್ಲದ ಚಕ್ರವೂ ಇದ್ದಂತೆ ಕಾಣುತ್ತದೆ.

ನಿಮ್ಮದು ಯಾವುದು?

ಎಲ್ಲ ಟ್ರಾನ್ಸಾಕ್ಷನ್‌ಗಳೂ ಚಿಕ್ಕವಾಗಿದ್ದು, ದೋಷ ಬಂದರೆ ಇಡೀ ಟ್ರಾನ್ಸಾಕ್ಷನ್ನನ್ನು ಮೊದಲಿನಿಂದ ನಡೆಸುವ ವ್ಯವಸ್ಥೆ ಪ್ರೋಗ್ರಾಮಿನಲ್ಲಿ ಇದ್ದರೆ ಬಲಿಯ ನಿಯಮಕ್ಕಾಗಿ ಡೇಟಾಬೇಸ್ ಬದಲಿಸಬೇಡಿ. ಯಾರು ಸತ್ತರೂ ನಷ್ಟ ಒಂದೇ. ಪೋಸ್ಟ್‌ಗ್ರೆಸ್‌ನ ಒಂದು ಸೆಕೆಂಡು ಹೆಚ್ಚೆನಿಸಿದರೆ ಇಳಿಸಬಹುದು, ಆದರೆ ನಿಮ್ಮ ಮಾಮೂಲಿ ಟ್ರಾನ್ಸಾಕ್ಷನ್ನಿನ ಅವಧಿಗಿಂತ ಕೆಳಗೆ ಇಳಿಸಿದರೆ ಸುಮ್ಮನೆ ಹುಡುಕಾಟ ಹೆಚ್ಚುತ್ತದೆ.

ದೊಡ್ಡ ಬ್ಯಾಚ್ ಮತ್ತು ಚಿಕ್ಕ ವಹಿವಾಟು ಬೆರೆತಿದ್ದರೆ ಆಯ್ಕೆಗೆ ಅರ್ಥ ಬರುತ್ತದೆ. ಬ್ಯಾಚ್ ಹೆಚ್ಚು ಬರೆಯುವುದಾದರೆ ಇನ್ನೋಡಿಬಿಯ ತೂಕದ ನಿಯಮ ಯಾವ ಸಿದ್ಧತೆಯೂ ಇಲ್ಲದೆ ನಿಮ್ಮ ಪರವಾಗಿದೆ. ಬ್ಯಾಚ್ ಬಹಳ ಹೊತ್ತು ನಡೆದು ಕಡಿಮೆ ಬರೆಯುವುದಾದರೆ ಎಸ್‌ಕ್ಯೂಎಲ್ ಸರ್ವರ್‌ನ ಆದ್ಯತೆ ಬೇಕು. ಅದಕ್ಕೆ ಪರವಾನಗಿಯ ಹಣ ಇಲ್ಲದವರು ಪೋಸ್ಟ್‌ಗ್ರೆಸ್‌ನಲ್ಲೇ ಉಳಿದು, ಬಡ್ಡಿ ಕೆಲಸವನ್ನು ಐನೂರೋ ಸಾವಿರವೋ ಖಾತೆಗಳಿಗೊಮ್ಮೆ ಕಮಿಟ್ ಮಾಡುವಂತೆ ಒಡೆಯುವುದು `deadlock_timeout` ಜಗ್ಗಾಡುವುದಕ್ಕಿಂತ ನಂಬಿಕಸ್ಥ ದಾರಿ. ಆಗ ಕಳೆದುಹೋಗುವುದು ಒಂದು ತುಂಡು ಮಾತ್ರ. ಎಲ್ಲಿಯವರೆಗೆ ಬಡ್ಡಿ ಹಾಕಿ ಆಯಿತೆಂಬ ಗುರುತನ್ನು ಅದೇ ಟ್ರಾನ್ಸಾಕ್ಷನ್ನಿನಲ್ಲಿ ಬರೆಯುವುದನ್ನು ಮರೆತರೆ ಮಾತ್ರ ಒಂದೇ ಖಾತೆಗೆ ಎರಡು ಸಲ ಬಡ್ಡಿ ಬೀಳುತ್ತದೆ.

ವರ್ಗಾವಣೆಯ ಪ್ರೋಗ್ರಾಮು ನಿಮ್ಮ ಕೈಯಲ್ಲೇ ಇದ್ದರೆ, ಎರಡು ಖಾತೆಗಳಲ್ಲಿ ಚಿಕ್ಕ ಸಂಖ್ಯೆಯದನ್ನೇ ಮೊದಲು ಲಾಕ್ ಮಾಡಿಸಿ. ‘ಖ’ 9500ನ್ನು ಹಿಡಿಯುವ ಮೊದಲು 120ಕ್ಕೆ ಕಾಯುತ್ತಿತ್ತು, ಚಕ್ರ ಕೂಡುತ್ತಲೇ ಇರಲಿಲ್ಲ. ಇದು ಸಾಧ್ಯವಿಲ್ಲದ, ಬೇರೆಯವರ ಪ್ರೋಗ್ರಾಮುಗಳೂ ಅದೇ ಟೇಬಲ್ ಮುಟ್ಟುವ ಕಡೆ, ನಿರ್ಧಾರಕ್ಕೆ ಮುನ್ನ ಈಗಿರುವ ಡೇಟಾಬೇಸ್‌ನ ಬಲಿಗಳನ್ನು ಕೆಲವು ವಾರ ದಾಖಲಿಸಿ. ಮೈಎಸ್‌ಕ್ಯೂಎಲ್‌ನಲ್ಲಿ `SHOW ENGINE INNODB STATUS` ಕೊನೆಯ ಡೆಡ್‌ಲಾಕ್ ಒಂದನ್ನೇ ತೋರಿಸುತ್ತದೆ, ಎಲ್ಲವೂ ಬೇಕಾದರೆ `innodb_print_all_deadlocks` ಆನ್ ಮಾಡಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್‌ನ ಮೇಲಿನ ನಾಲ್ಕು ಸಾಲುಗಳೇ ಸಾಕು. ಬಲಿಗಳು ಬೇರೆ ಬೇರೆ ಕಡೆ ಹಂಚಿದ್ದರೆ ಮರುಪ್ರಯತ್ನವೇ ಮದ್ದು. ಒಂದೇ ಕೆಲಸದ ಹೆಸರು ಮತ್ತೆ ಮತ್ತೆ ಬರುತ್ತಿದ್ದರೆ, ಆ ಕೆಲಸವನ್ನು ಯಾವ ನಿಯಮ ಉಳಿಸುತ್ತದೆ ಎಂದು ನೋಡಿ ಆಯ್ಕೆ ಮಾಡಿ.